ದಿನಕ್ಕೊಂದು ಟ್ಯಾರೋ ಕಾರ್ಡು: ಎರಡನೇ ವಾರಕ್ಕೆ ಕೈಬಿಡದ ಹಾಗೆ ಶುರು ಮಾಡುವ ಕ್ರಮ

ಕಲಬುರಗಿಯಲ್ಲಿ ನನ್ನ ಕಡೆಯಿಂದ ಕೇಳಿಕೊಂಡು ಹೋಗಿ, ಟ್ಯಾರೋ ಎಂಬ ಚಿತ್ರದ ಕಾರ್ಡುಗಳ ಕಟ್ಟಿನಿಂದ ದಿನಕ್ಕೊಂದು ಕಾರ್ಡು ಎಳೆದು ಅದರ ಬಗ್ಗೆ ಬರೆದಿಡಲು ಶುರು ಮಾಡಿದವರಲ್ಲಿ ಹೆಚ್ಚಿನವರು ಎರಡನೇ ವಾರದಲ್ಲೇ ಬಿಟ್ಟಿದ್ದಾರೆ. ಬಿಟ್ಟವರ ನೋಟ್‌ಬುಕ್ ತೆರೆದು ನೋಡಿದರೆ ಕಾಣುವುದು ಒಂದೇ ಚಿತ್ರ. ಮೊದಲ ನಾಲ್ಕು ದಿನ ಕಾರ್ಡಿನ ಹೆಸರು, ಅದರ ಕೆಳಗೆ ಕಟ್ಟಿನ ಜೊತೆ ಬಂದ ಪುಸ್ತಕದಿಂದ ಇಳಿಸಿಕೊಂಡ ಅರ್ಥ. ಐದನೇ ದಿನ ಒಂದು ಹೆದರಿಸುವ ಕಾರ್ಡು, ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಕಾರ್ಡಿನ ಹೆಸರು. ಎಂಟನೇ ದಿನಕ್ಕೆ ಬರೀ ಹೆಸರು. ಹತ್ತಕ್ಕೆ ಖಾಲಿ ಹಾಳೆ.

ಇವರಲ್ಲಿ ಯಾರೂ ಸೋಮಾರಿಗಳಲ್ಲ. ಕೆಲಸದ ಕ್ರಮ ತಪ್ಪಿತ್ತು, ಅಷ್ಟೇ. ಚಿತ್ರ ನೋಡುವ ಮುಂಚೆ ಅರ್ಥ ಓದಿದರು, ಬೆಳಿಗ್ಗೆ ಬರೆದದ್ದನ್ನು ಸಂಜೆ ತಿರುಗಿ ನೋಡಲಿಲ್ಲ. ಈ ಎರಡು ಸರಿಯಾದರೆ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ. ಹಾಗಾಗಿ ಕೆಳಗೆ ಹೆಚ್ಚು ಜಾಗ ಕೊಟ್ಟಿರುವುದು ಆ ಎರಡಕ್ಕೇ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರ ಶರಣಬಸವೇಶ್ವರ ಅಪ್ಪನ ಜಾತ್ರೆಯಲ್ಲಿ ಗಿಳಿ ಪಂಜರದಿಂದ ಹೊರಬಂದು ಕಾರ್ಡು ಎಳೆದು ಕೊಡುವುದನ್ನು ನೋಡಿ ಬೆಳೆದವರು ನಾವು. ಅಲ್ಲಿ ಕಾರ್ಡು ಮುಂದಾಗುವುದನ್ನು ಹೇಳುತ್ತದೆ ಎಂದು ನಂಬಿ ದುಡ್ಡು ಕೊಡುತ್ತೇವೆ. ಇಲ್ಲಿ ಕಾರ್ಡಿಗೆ ಆ ಕೆಲಸ ಇಲ್ಲ. ನಿಮ್ಮ ದಿನವನ್ನು ಯಾವ ಕಡೆಯಿಂದ ನೋಡಬೇಕು ಎಂಬುದಕ್ಕೆ ಒಂದು ಚಿತ್ರ ಸಿಗುತ್ತದೆ, ಆ ಚಿತ್ರವನ್ನು ನೀವು ಆರಿಸಿರುವುದಿಲ್ಲ. ನಾವೇ ಆರಿಸಿಕೊಂಡರೆ ನಮಗೆ ಹಿತವಾದ ಪ್ರಶ್ನೆಯನ್ನೇ ದಿನಾ ಕೇಳಿಕೊಳ್ಳುತ್ತೇವೆ. ಕಲೆಸಿದ ಕಟ್ಟಿನಿಂದ ಎಳೆಯುವುದರ ಉಪಯೋಗ ಇಷ್ಟೇ. ಇಲ್ಲಿ ಹೇಳುವ ಮೂವತ್ತು ದಿನದ ಅಭ್ಯಾಸಕ್ಕೆ ಇದು ಸಾಕಷ್ಟು ದೊಡ್ಡ ಉಪಯೋಗ.

## ಮೊದಲು ಸಾಮಾನು

ಬೇಕಾದದ್ದು ಒಂದು ಕಾರ್ಡಿನ ಕಟ್ಟು, ಒಂದು ನೂರು ಪುಟದ ನೋಟ್‌ಬುಕ್, ಒಂದು ಪೆನ್ನು, ಒಂದು ಹತ್ತಿ ಬಟ್ಟೆ. ಊದುಬತ್ತಿ, ಹರಳು, ಮೇಣದಬತ್ತಿ ಯಾವುದೂ ಬೇಡ. ಅವು ಇದ್ದರೆ ಒಂದು ದಿನ ಊದುಬತ್ತಿ ಮುಗಿದದ್ದೇ ಕಾರ್ಡು ಎಳೆಯದಿರಲು ನೆಪವಾಗುತ್ತದೆ.

ಕಟ್ಟು ಕೊಳ್ಳುವಾಗ ಒಂದೇ ಪರೀಕ್ಷೆ ಮಾಡಿ. ಟ್ಯಾರೋ ಕಟ್ಟಿನಲ್ಲಿ 78 ಕಾರ್ಡು ಇರುತ್ತವೆ. ಅದರಲ್ಲಿ 22 ಮೇಜರ್ ಕಾರ್ಡುಗಳು. ಸನ್ಯಾಸಿ, ಗೋಪುರ, ಸೂರ್ಯ ಹೀಗೆ ಒಂದೊಂದಕ್ಕೂ ಹೆಸರಿರುತ್ತದೆ. ಉಳಿದ 56 ನಾಲ್ಕು ಬಣಗಳಲ್ಲಿ ಇರುತ್ತವೆ: ಕೋಲು, ಬಟ್ಟಲು, ಕತ್ತಿ, ನಾಣ್ಯ. ಈ ಬಣಗಳ ಅಂಕಿ ಕಾರ್ಡುಗಳಲ್ಲಿ, ಅಂದರೆ ಎರಡರಿಂದ ಹತ್ತರವರೆಗೆ, ಮನುಷ್ಯರು ಏನಾದರೂ ಮಾಡುತ್ತಿರುವ ಚಿತ್ರ ಇದೆಯೇ ನೋಡಿ. ಹತ್ತು ಕೋಲಿನ ಕಾರ್ಡಿನಲ್ಲಿ ಬರೀ ಹತ್ತು ಕೋಲು ಜೋಡಿಸಿಟ್ಟಿದ್ದರೆ ಆ ಕಟ್ಟು ಹೊಸಬರಿಗೆ ಒಗ್ಗುವುದಿಲ್ಲ, ಯಾಕೆಂದರೆ ನೋಡಲು ಅಲ್ಲಿ ಏನೂ ಇಲ್ಲ, ಪುಸ್ತಕವನ್ನೇ ನಂಬಬೇಕಾಗುತ್ತದೆ. ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳೊಂದಿಗೆ 1909ರಲ್ಲಿ ಲಂಡನ್ನಿನಲ್ಲಿ ಬಂದ ರೈಡರ್ ವೇಟ್ ಕಟ್ಟಿನಲ್ಲಿ ಅಂಕಿ ಕಾರ್ಡುಗಳಿಗೂ ಪೂರ್ತಿ ದೃಶ್ಯಗಳಿವೆ. ಈ ಲೇಖನದಲ್ಲಿ ನಾನು ಹೇಳುವ ಚಿತ್ರಗಳೆಲ್ಲ ಅದರವೇ.

ಕಟ್ಟು ಕೈಗೆ ಬಂದ ದಿನವೇ ಎಣಿಸಿ. ಅಗ್ಗದ ಕಟ್ಟುಗಳಲ್ಲಿ ಒಂದು ಕಾರ್ಡು ಎರಡು ಸಲ ಬಂದು ಇನ್ನೊಂದು ಇಲ್ಲದಿರುವುದನ್ನು ನಾನು ನೋಡಿದ್ದೇನೆ. ಎಣಿಸಿದ ಮೇಲೆ ಜೊತೆಗೆ ಬಂದಿರುವ ಅರ್ಥದ ಕಿರುಪುಸ್ತಕವನ್ನು ಬೇರೆ ಕೋಣೆಯಲ್ಲಿಡಿ. ಕಾರ್ಡಿನ ಪಕ್ಕದಲ್ಲೇ ಇಟ್ಟರೆ ಕೈ ಅದರ ಕಡೆಗೇ ಹೋಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಮೊದಲ ದಿನವೇ ಕಾರ್ಡು ಕೈಯಲ್ಲಿ ಕೊಟ್ಟು ತೋರಿಸಿಬಿಡಿ. ನಮ್ಮ ಕಡೆ ಕಾರ್ಡು ಅಂದರೆ ಇಸ್ಪೀಟು, ಇಲ್ಲದಿದ್ದರೆ ಮಾಟ. ಕದ್ದುಮುಚ್ಚಿ ಮಾಡಿದಷ್ಟೂ ಆ ಅನುಮಾನ ಗಟ್ಟಿಯಾಗುತ್ತದೆ. "ಚಿತ್ರ ನೋಡಿ ನಾಕ್ ಸಾಲ್ ಬರೀತೀನ್ರಿ, ಅಷ್ಟೇ ಅದ" ಎಂದು ನಾನು ನಮ್ಮತ್ತೆಗೆ ಹೇಳಿದ್ದೆ. ಅವರು ಒಂದೊಂದೇ ಕಾರ್ಡು ತಿರುವಿ ನೋಡಿ, ಕುದುರೆಗಳಿರುವುದನ್ನೆಲ್ಲ ಬೇರೆ ಇಟ್ಟು, ಚೆನ್ನಾಗಿವೆ ಎಂದು ವಾಪಸ್ ಕೊಟ್ಟರು.

## ಹಂತ 1: ಹೊತ್ತು ಗೊತ್ತು ಮಾಡಿ

ಬೆಳಿಗ್ಗೆ ಐದು ನಿಮಿಷ, ರಾತ್ರಿ ಮೂರು ನಿಮಿಷ ಬೇಕು. ಗಡಿಯಾರದ ಹೊತ್ತು ಹಿಡಿಯಬೇಡಿ. ದಿನಾ ತಪ್ಪದೆ ಆಗುವ ಒಂದು ಕೆಲಸದ ಬೆನ್ನಿಗೆ ಇದನ್ನು ಕಟ್ಟಿ. ಮೊದಲ ಚಹಾ ಕುಡಿದ ಕಪ್ಪು ಕೆಳಗಿಟ್ಟ ಕೂಡಲೇ, ಅಥವಾ ಮಕ್ಕಳು ಸ್ಕೂಲ್ ಆಟೋ ಹತ್ತಿದ ಮೇಲೆ. ನಳ ಬರುವ ಹೊತ್ತಿಗೆ ಮಾತ್ರ ಕಟ್ಟಬೇಡಿ. ಅದು ದಿನಾ ಬರುವುದಿಲ್ಲ, ಬಂದರೂ ಹೊತ್ತು ಬದಲಾಗುತ್ತದೆ, ಬಂದಾಗ ನೀವು ಕೊಡ ಬಿಟ್ಟು ಕೂರಲಾರಿರಿ.

ಮೊಬೈಲ್ ನೋಡುವ ಮುಂಚೆಯೇ ಕಾರ್ಡು ಎಳೆಯಬೇಕು ಎಂಬ ಒಂದು ನಿಯಮದಲ್ಲಿ ನಾನು ಬಿಗಿಯಾಗಿದ್ದೇನೆ. ವಾಟ್ಸಾಪಿನಲ್ಲಿ ಒಂದು ಕೆಟ್ಟ ಸುದ್ದಿ ಓದಿ ಬಂದು ಕೂತರೆ ಯಾವ ಕಾರ್ಡು ಬಂದರೂ ಆ ಸುದ್ದಿಯ ಬಗ್ಗೆಯೇ ಮಾತಾಡಿದಂತೆ ಕಾಣುತ್ತದೆ.

## ಹಂತ 2: ಕಲೆಸುವುದು

ನಿನ್ನೆಯ ಕಾರ್ಡನ್ನು ಮೊದಲು ಕಟ್ಟಿನೊಳಗೆ ಸೇರಿಸಿ. ಇದನ್ನು ಮರೆಯುವವರು ತುಂಬ ಜನ. ನಿನ್ನೆಯ ಕಾರ್ಡು ನೋಟ್‌ಬುಕ್ಕಿನ ಪುಟದ ನಡುವೆ ಉಳಿದುಬಿಡುತ್ತದೆ, ಹದಿನೈದು ದಿನದಲ್ಲಿ ಕಟ್ಟು ತೆಳ್ಳಗಾಗುತ್ತದೆ.

ಇಸ್ಪೀಟು ಆಡುವವರ ಹಾಗೆ ಎರಡು ಭಾಗ ಮಾಡಿ ಬಗ್ಗಿಸಿ ಫರ್‍ರ್ ಎಂದು ಬಿಡಬೇಡಿ. ಟ್ಯಾರೋ ಕಾರ್ಡು ಸಾಮಾನ್ಯವಾಗಿ 7 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದ ಇರುತ್ತದೆ. ಹಾಗೆ ಬಗ್ಗಿಸಿದರೆ ಕಮಾನಾಗಿ ನಿಂತುಬಿಡುತ್ತದೆ. ಕೈಯಲ್ಲಿ ಹಿಡಿದು ಗೊಂಚಲು ಗೊಂಚಲಾಗಿ ಮೇಲಿಂದ ಕೆಳಗೆ ಹಾಕುವುದು ಸುಲಭ, ಆದರೆ ಹತ್ತು ಸಲ ಹಾಕಿದರೂ ಅಕ್ಕಪಕ್ಕದ ಕಾರ್ಡುಗಳು ಅಕ್ಕಪಕ್ಕದಲ್ಲೇ ಉಳಿಯುತ್ತವೆ. ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು ನೆಲದ ಮೇಲೆ ಬಟ್ಟೆ ಹಾಸಿ, ಅಷ್ಟೂ ಕಾರ್ಡನ್ನು ಬೆನ್ನು ಮೇಲಾಗಿ ಹರವಿ, ಎರಡೂ ಅಂಗೈಯಿಂದ ಕಾಳು ಹರವಿದ ಹಾಗೆ ಸುತ್ತಲೂ ಆಡಿಸುವುದು. ಒಂದು ನಿಮಿಷ ಹೀಗೆ ಮಾಡಿ ಕೂಡಿಸಿಕೊಳ್ಳಿ.

ನಮ್ಮ ಬೇಸಿಗೆಯಲ್ಲಿ ಕೈ ಬೆವರಿ ಕಾರ್ಡು ಒಂದಕ್ಕೊಂದು ಅಂಟುತ್ತವೆ. ಅಂಟಿದ ಜೋಡಿ ಎಷ್ಟು ಕಲೆಸಿದರೂ ಬಿಡುವುದಿಲ್ಲ. ಮುಂಚೆಯೇ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಕಲೆಸುವಾಗ ಯಾವುದಾದರೂ ಕಾರ್ಡು ದಪ್ಪ ಅನ್ನಿಸಿದರೆ ಅದು ಎರಡು ಕಾರ್ಡು ಎಂದು ತಿಳಿಯಿರಿ.

ಈ ರೀತಿ ಕಲೆಸಿದರೆ ಅರ್ಧದಷ್ಟು ಕಾರ್ಡು ತಲೆಕೆಳಗಾಗುತ್ತವೆ. ತಲೆಕೆಳಗಾದ ಕಾರ್ಡಿಗೆ ಬೇರೆ ಅರ್ಥ ಹೇಳುವ ಪದ್ಧತಿ ಇದೆ. ಮೊದಲ ಮೂರು ತಿಂಗಳು ಅದನ್ನು ಪೂರ್ತಿ ಬಿಟ್ಟುಬಿಡಿ. ತಲೆಕೆಳಗಾಗಿ ಬಂದರೆ ನೇರ ಮಾಡಿ ನೋಡಿ.

## ಹಂತ 3: ಒಂದೇ ಪ್ರಶ್ನೆ, ಒಂದೇ ಕಾರ್ಡು

ಮೂವತ್ತು ದಿನವೂ ಪ್ರಶ್ನೆ ಒಂದೇ ಇರಲಿ: "ಇವತ್ತು ನಾನು ಯಾವುದನ್ನು ಗಮನಿಸಬೇಕು?" ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. "ಇವತ್ತು ಏನಾಗುತ್ತದೆ", "ಆ ಕೆಲಸ ಆಗುತ್ತದೋ ಇಲ್ಲವೋ", "ಅವರು ನನ್ನ ಬಗ್ಗೆ ಏನು ಅಂದುಕೊಂಡಿದ್ದಾರೆ" ಎಂಬ ಮೂರು ರೀತಿಯ ಪ್ರಶ್ನೆ ಬೇಡ. ಇವುಗಳಿಗೆ ಕಾರ್ಡಿನ ಹತ್ತಿರ ಉತ್ತರ ಇಲ್ಲ, ನೀವು ಉತ್ತರ ಹುಟ್ಟಿಸಿಕೊಳ್ಳುತ್ತೀರಿ, ಆ ಉತ್ತರ ಸುಳ್ಳಾದ ದಿನ ಕಾರ್ಡನ್ನೇ ಬಿಡುತ್ತೀರಿ.

ಮೇಲಿನಿಂದಾದರೂ ಸರಿ, ನಡುವಿನಿಂದಾದರೂ ಸರಿ, ಒಂದು ಎಳೆಯಿರಿ. ಎಳೆದ ಮೇಲೆ ಉಳಿದ ಕಟ್ಟನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ. ಈ ಮುಚ್ಚಳದ ಕೆಲಸ ತುಂಬ ದೊಡ್ಡದು. ಇಷ್ಟವಾಗದ ಕಾರ್ಡು ಬಂದಾಗ "ಇದನ್ನು ಸ್ಪಷ್ಟ ಮಾಡಲು ಇನ್ನೊಂದು" ಎಂದು ಕೈ ಚಾಚುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ನಮ್ಮತ್ತೆ ಆಸ್ಪತ್ರೆಯಲ್ಲಿದ್ದ ವಾರ ಒಂದು ಬೆಳಿಗ್ಗೆ ಗೋಪುರದ ಕಾರ್ಡು ಬಂತು. ಸಿಡಿಲು ಬಡಿದು ಮೇಲಿನ ಕಿರೀಟ ಹಾರಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಒಳಗೆ ಹಾಕಿ ಮತ್ತೆ ಎಳೆದೆ, ಮತ್ತೆ ಎಳೆದೆ, ಸೂರ್ಯ ಬರುವವರೆಗೆ. ಆರನೆಯದಕ್ಕೆ ಬಂತು. ಆ ದಿನದ ಪುಟದಲ್ಲಿ ಆರು ಹೆಸರುಗಳಿವೆ, ನನ್ನ ಬಗ್ಗೆ ಒಂದು ಸಾಲೂ ಇಲ್ಲ. ಅವತ್ತು ನಾನು ಎಷ್ಟು ಹೆದರಿದ್ದೆ ಎಂದು ಬರೆದಿಟ್ಟಿದ್ದರೆ ಇವತ್ತು ಓದಲು ಏನಾದರೂ ಇರುತ್ತಿತ್ತು.

## ಹಂತ 4: ಓದುವ ಮುಂಚೆ ನೋಡಿ

ಇಡೀ ಅಭ್ಯಾಸ ನಿಂತಿರುವುದು ಇಲ್ಲಿ. ಕಾರ್ಡನ್ನು ಎದುರಿಗಿಟ್ಟು ಎರಡು ನಿಮಿಷ ಸುಮ್ಮನೆ ನೋಡಿ. ಪುಸ್ತಕವೂ ಬೇಡ, ಗೂಗಲ್ಲೂ ಬೇಡ.

ನೋಡುವುದು ಹೇಗೆ ಎಂಬುದಕ್ಕೂ ಕ್ರಮ ಇದೆ. ಮೊದಲು ಕಾಣುವುದನ್ನು ಮಾತ್ರ ಹೆಸರಿಸಿ, ಚಿಕ್ಕ ಮಗುವಿಗೆ ಪುಸ್ತಕದ ಚಿತ್ರ ತೋರಿಸಿ ಹೇಳುವ ಹಾಗೆ. ನಾಲ್ಕು ಬಟ್ಟಲಿನ ಕಾರ್ಡು ಬಂದಿದೆ ಎಂದುಕೊಳ್ಳಿ. ಒಬ್ಬ ಹುಡುಗ ಮರದ ಕೆಳಗೆ ಕೂತಿದ್ದಾನೆ. ಕೈ ಕಟ್ಟಿಕೊಂಡಿದ್ದಾನೆ. ಎದುರಿಗೆ ಹುಲ್ಲಿನ ಮೇಲೆ ಮೂರು ಬಟ್ಟಲು. ಪಕ್ಕದಲ್ಲಿ ಮೋಡದಿಂದ ಒಂದು ಕೈ ಬಂದು ನಾಲ್ಕನೆಯದನ್ನು ಚಾಚಿದೆ. ಇಷ್ಟು ಹೇಳಿದರೆ ಸಾಕು. "ಅವನಿಗೆ ಬೇಜಾರಾಗಿದೆ" ಎಂದು ನೀವು ಹೇಳಿದ ಕ್ಷಣ ಕಾಣುವುದನ್ನು ಬಿಟ್ಟು ನಿಮ್ಮದನ್ನು ಸೇರಿಸಿದ್ದೀರಿ. ಸೇರಿಸಬಹುದು, ಆದರೆ ಎರಡನೇ ಸುತ್ತಿನಲ್ಲಿ. ಅವನು ಬೇಜಾರಾಗಿದ್ದಾನೋ, ಯೋಚಿಸುತ್ತಿದ್ದಾನೋ, ಸಾಕಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾನೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ನೀವು ಯಾವುದನ್ನು ಆರಿಸಿದಿರಿ ಎಂಬುದೇ ಅವತ್ತಿನ ಮೊದಲ ಸುಳಿವು.

ಎರಡನೇ ಸುತ್ತಿನಲ್ಲಿ ನಿಮ್ಮನ್ನೇ ಕೇಳಿಕೊಳ್ಳಿ: ಕಣ್ಣು ಎಲ್ಲಿಗೆ ಮೊದಲು ಹೋಯಿತು? ಇದೇ ಕಾರ್ಡಿನಲ್ಲಿ ಒಬ್ಬರಿಗೆ ಕಟ್ಟಿದ ಕೈ ಕಾಣುತ್ತದೆ, ಇನ್ನೊಬ್ಬರಿಗೆ ಮೋಡದ ಕೈ, ಮತ್ತೊಬ್ಬರಿಗೆ ಆ ಮರದ ನೆರಳು. ಮೇ ತಿಂಗಳ ಕಲಬುರಗಿಯಲ್ಲಿ ಆ ನೆರಳೇ ಮೊದಲು ಕಂಡರೆ ನನಗೇನೂ ಆಶ್ಚರ್ಯವಿಲ್ಲ. ಅದೂ ಸರಿಯಾದ ಉತ್ತರವೇ.

ಪುಸ್ತಕದ ಅರ್ಥವನ್ನು ಮೊದಲು ಓದಿದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ "ಇದು ನಿನ್ನ ಸ್ವಭಾವ" ಎಂದು ಒಂದೊಂದು ಹಾಳೆ ಕೊಟ್ಟ. ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ. ಕಿರುಪುಸ್ತಕದ ಸಾಲುಗಳೂ ಇದೇ ಜಾತಿಯವು. "ಬದಲಾವಣೆ ಬರಲಿದೆ, ಹಳೆಯದನ್ನು ಬಿಡಲು ಕಷ್ಟ" ಎಂಬ ಮಾತು ಯಾವ ದಿನ ಯಾರಿಗೆ ಹೊಂದುವುದಿಲ್ಲ? ಹೊಂದಿತು ಎಂಬ ಸಮಾಧಾನದಲ್ಲಿ ನಾವು ಮುಂದೆ ನೋಡುವುದನ್ನೇ ನಿಲ್ಲಿಸುತ್ತೇವೆ.

## ಹಂತ 5: ಮೂರು ಸಾಲು ಬರೆಯಿರಿ

ಪುಟದ ಮೇಲೆ ತಾರೀಖು, ಕಾರ್ಡಿನ ಹೆಸರು. ಕೆಳಗೆ ಮೂರೇ ಸಾಲು.

1. ಕಂಡದ್ದು: ಚಿತ್ರದಲ್ಲಿ ಕಣ್ಣಿಗೆ ಮೊದಲು ಬಿದ್ದದ್ದು.
2. ತಾಕಿದ್ದು: ಅದು ಇವತ್ತಿನ ಯಾವ ಕೆಲಸ, ಯಾವ ವ್ಯಕ್ತಿ, ಯಾವ ಹೊತ್ತನ್ನು ನೆನಪಿಸಿತು.
3. ನೋಡಬೇಕಾದದ್ದು: ಸಂಜೆಯೊಳಗೆ ಕಣ್ಣಿಟ್ಟು ನೋಡುವಂಥ ಒಂದು ಪ್ರಶ್ನೆ.

ಮೂರನೇ ಸಾಲಿನಲ್ಲೇ ಎಲ್ಲರೂ ಜಾರುವುದು. "ತಾಳ್ಮೆ ಬೇಕು", "ಒಳ್ಳೆಯದನ್ನೇ ಯೋಚಿಸಬೇಕು" ಎಂದು ಬರೆದರೆ ಸಂಜೆ ನೋಡಲು ಏನೂ ಇರುವುದಿಲ್ಲ. "ಇವತ್ತು ಯಾರ ಮುಂದೆ ದನಿ ಏರುತ್ತದೆ?" ಎಂದು ಬರೆದರೆ ಸಂಜೆ ಒಂದು ಹೆಸರು ಬರೆಯಬಹುದು. ಸಂಜೆ ಒಂದು ಹೆಸರು, ಒಂದು ಹೊತ್ತು ಅಥವಾ ಒಂದು ಸಂಖ್ಯೆ ಉತ್ತರವಾಗಿ ಬರುವ ಹಾಗಿದೆಯೇ ಎಂದು ಪರೀಕ್ಷಿಸಿ. ಬರದಿದ್ದರೆ ಆ ಸಾಲನ್ನು ತಿದ್ದಿ.

ಏನೂ ತಾಕಲಿಲ್ಲ ಅನ್ನಿಸುವ ದಿನ ಇರುತ್ತದೆ. "ಏನೂ ತಾಕಲಿಲ್ಲ" ಎಂದೇ ಬರೆಯಿರಿ. ಆದರೆ ಮೊದಲ ಸಾಲು ಮಾತ್ರ ಬಿಡಬೇಡಿ, ಕಣ್ಣಿಗೆ ಏನೋ ಒಂದು ಬಿದ್ದೇ ಇರುತ್ತದೆ.

## ಹಂತ 6: ಸಂಜೆ ತಿರುಗಿ ಬನ್ನಿ

ರಾತ್ರಿ ಊಟವಾದ ಮೇಲೆ ಅದೇ ಪುಟ ತೆರೆದು ಎರಡು ಸಾಲು ಸೇರಿಸಿ. ಬೆಳಿಗ್ಗೆಯ ಪ್ರಶ್ನೆಗೆ ಸಿಕ್ಕ ಉತ್ತರ ಒಂದು. ಬೆಳಿಗ್ಗೆ ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸ ಇನ್ನೊಂದು.

"ಕಾರ್ಡು ಹೇಳಿದ ಹಾಗೇ ಆಯಿತು" ಎಂದು ಬರೆಯಬೇಕೆನಿಸಿದರೆ ತಡೆಯಿರಿ. ದಿನವೊಂದರಲ್ಲಿ ನೂರು ಸಂಗತಿ ನಡೆಯುತ್ತವೆ, ಹುಡುಕಿದರೆ ಯಾವ ಕಾರ್ಡಿಗಾದರೂ ಒಂದು ಸಿಗುತ್ತದೆ. ನಮಗೆ ಬೇಕಾದದ್ದು ಹೊಂದದೆ ಹೋದ ಭಾಗ.

## ಒಂದು ಪುಟ, ಮೊದಲಿಂದ ಕೊನೆಯವರೆಗೆ

ನಮ್ಮ ಓಣಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ತಂಗಿಯೊಬ್ಬಳು ತನ್ನ ಪುಟವನ್ನು ತೋರಿಸಲು ಒಪ್ಪಿದ್ದಾಳೆ. ಜೋಳದ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುವ ಕೆಲಸ. ಜೊತೆಗೆ ಇಬ್ಬರು ಹೆಂಗಸರಿದ್ದಾರೆ. ಅದು ಅವಳ ಹನ್ನೊಂದನೇ ದಿನ.

ಬಂದದ್ದು ಹತ್ತು ಕೋಲು. ಒಬ್ಬ ಮನುಷ್ಯ ಹತ್ತು ಉದ್ದನೆಯ ಕೋಲುಗಳನ್ನು ಎರಡೂ ತೋಳಿನಲ್ಲಿ ತಬ್ಬಿ ಹಿಡಿದು ಬಗ್ಗಿ ನಡೆಯುತ್ತಿದ್ದಾನೆ. ದೂರದಲ್ಲಿ ಮನೆ, ಮರ ಕಾಣುತ್ತವೆ. ಮುಖ ಕೋಲುಗಳಲ್ಲಿ ಹೂತುಹೋಗಿದೆ.

ಅವಳು ಮೊದಲು ಬರೆದ ಸಾಲು: "ತುಂಬ ಭಾರ, ನನ್ನ ಹಾಗೇ." ನಾನು ಅದನ್ನು ಹೊಡೆಸಿದೆ. ಭಾರ ಎಂಬುದು ಕಾಣುವುದಿಲ್ಲ, ಕೋಲು ಕಾಣುತ್ತವೆ. ಮತ್ತೆ ನೋಡು ಎಂದೆ. ಸ್ವಲ್ಪ ಹೊತ್ತು ನೋಡಿ, "ಅಕ್ಕಾ, ಇವನಿಗಿ ದಾರಿನೇ ಕಾಣಲ್ಲಲ್ರಿ. ಕೋಲು ಮುಂದೆ ಹಿಡ್ಕೊಂಡಾನ. ಹೆಗಲ ಮ್ಯಾಲ ಹೊತ್ರ ಕಾಣ್ತಿತ್ತು" ಅಂದಳು. ಆ ಕಾರ್ಡನ್ನು ನಾನು ವರ್ಷಗಳಿಂದ ನೋಡಿದ್ದೇನೆ, ಹೊರುವ ರೀತಿಯ ಬಗ್ಗೆ ನನಗೆ ಹೊಳೆದಿರಲಿಲ್ಲ. ದಿನಾ ಹಿಟ್ಟಿನ ಚೀಲ ಎತ್ತುವವಳ ಕಣ್ಣು ಅದು.

ಅವಳ ಬೆಳಗಿನ ಮೂರು ಸಾಲು ಕೊನೆಗೆ ಹೀಗಾಯಿತು. ಕಂಡದ್ದು: ಕೋಲು ಮುಖಕ್ಕೆ ಅಡ್ಡ ಬಂದಿವೆ, ದಾರಿ ಕಾಣುತ್ತಿಲ್ಲ. ತಾಕಿದ್ದು: ಇವತ್ತು ಮದುವೆ ಮನೆಯ ಆರ್ಡರ್, ಮುನ್ನೂರು ರೊಟ್ಟಿ, ಅದೇ ನನ್ನ ಹೊರೆ. ನೋಡಬೇಕಾದದ್ದು: ಇವತ್ತು ಯಾವ ಹೊತ್ತಿನಲ್ಲಿ ನನಗೆ ಹೆಚ್ಚು ಸುಸ್ತಾಗುತ್ತದೆ?

ಮೂರನೇ ಸಾಲು ಎಷ್ಟು ಸಾಮಾನ್ಯ ನೋಡಿ. ಆದರೆ ಅದಕ್ಕೆ ಉತ್ತರವಾಗಿ ಒಂದು ಹೊತ್ತನ್ನು ಬರೆಯಲೇಬೇಕು.

ರಾತ್ರಿ ಅವಳು ಬರೆದದ್ದು: "ಮುನ್ನೂರು ರೊಟ್ಟಿ ಎರಡು ಗಂಟೆಗೇ ಮುಗಿದವು, ಸುಸ್ತಾಗಲಿಲ್ಲ, ಮೂವರೂ ಮಾತಾಡುತ್ತ ಬಡಿದೆವು. ಸುಸ್ತಾದದ್ದು ನಾಲ್ಕು ಗಂಟೆಗೆ, ಬಾಕಿ ಕೇಳಲು ಖಾನಾವಳಿಯವರಿಗೆ ಫೋನ್ ಹಚ್ಚಿದಾಗ." ಐದನೇ ಸಾಲು: "ಹೊರೆ ರೊಟ್ಟಿ ಅಂದುಕೊಂಡಿದ್ದೆ. ಹೊರೆ ಬಾಕಿ."

ಇದರಲ್ಲಿ ಭವಿಷ್ಯ ಎಲ್ಲಿದೆ? ಬಾಕಿ ಕೇಳುವ ಫೋನು ಅವಳು ವಾರಕ್ಕೆ ಮೂರು ಸಲ ಹಚ್ಚುತ್ತಿದ್ದಳು, ಕಾರ್ಡು ಬರದಿದ್ದರೂ ಹಚ್ಚುತ್ತಿದ್ದಳು. ಬೇರೆ ಕಾರ್ಡು ಬಂದಿದ್ದರೆ ಬೇರೆ ಪ್ರಶ್ನೆ, ಬೇರೆ ಸಂಗತಿ ಸಿಗುತ್ತಿತ್ತು. ಬೆಳಿಗ್ಗೆಯ ಊಹೆ ತಪ್ಪಾಗಿತ್ತು, ಆ ತಪ್ಪು ಬರಹದಲ್ಲಿ ಉಳಿದಿತ್ತು, ಅದಕ್ಕೇ ಸಂಜೆ ಕಂಡಿತು. ಬರೀ ಮನಸ್ಸಿನಲ್ಲಿ ಅಂದುಕೊಂಡಿದ್ದರೆ "ಇವತ್ತು ರೊಟ್ಟಿ ಜಾಸ್ತಿ ಇದ್ದವು, ಸುಸ್ತಾಯಿತು" ಎಂದೇ ಮಲಗುತ್ತಿದ್ದಳು. ಅವಳೀಗ ಹೊಸ ಖಾನಾವಳಿಗಳಿಗೆ ವಾರದ ದುಡ್ಡು ಸೋಮವಾರವೇ ಎಂದು ಮೊದಲೇ ಹೇಳಿಬಿಡುತ್ತಾಳೆ. ಹಳೆಯ ಬಾಕಿ ಇನ್ನೂ ಬಂದಿಲ್ಲ.

## ಹೆದರಿಸುವ ಕಾರ್ಡು ಬಂದಾಗ

ಮರಣ, ಗೋಪುರ, ಮೂರು ಕತ್ತಿ, ಹತ್ತು ಕತ್ತಿ. ಇವುಗಳಲ್ಲಿ ಒಂದಾದರೂ ಮೊದಲ ತಿಂಗಳಲ್ಲಿ ಬಂದೇ ಬರುತ್ತದೆ ಎಂದು ಇಟ್ಟುಕೊಳ್ಳಿ. 78ರಲ್ಲಿ ನಾಲ್ಕು ಅಂದರೆ ಸುಮಾರು ಇಪ್ಪತ್ತು ದಿನಕ್ಕೊಮ್ಮೆ.

ಬಂದಾಗ ಹಂತ ನಾಲ್ಕನ್ನು ಇನ್ನೂ ನಿಧಾನವಾಗಿ ಮಾಡಿ. ಮರಣದ ಕಾರ್ಡಿನಲ್ಲಿ ಅಸ್ಥಿಪಂಜರ ಬಿಳಿ ಕುದುರೆ ಏರಿ ಬರುವುದು ಎಲ್ಲರಿಗೂ ಕಾಣುತ್ತದೆ. ಅದನ್ನು ಬರೆದ ಮೇಲೆ ಉಳಿದದ್ದನ್ನೂ ಹೆಸರಿಸಿ. ಅದರ ಕೈಯಲ್ಲಿ ಬಿಳಿ ಗುಲಾಬಿ ಇರುವ ಕಪ್ಪು ಬಾವುಟ ಇದೆ. ರಾಜ ನೆಲದ ಮೇಲೆ ಬಿದ್ದಿದ್ದಾನೆ, ಪಾದ್ರಿ ಎದುರು ನಿಂತಿದ್ದಾನೆ, ಹೆಂಗಸು ಮುಖ ತಿರುಗಿಸಿದ್ದಾಳೆ, ಮಗು ಕುದುರೆಯ ಮುಂದೆ ಮೊಣಕಾಲೂರಿದೆ. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯ. ಒಂದೇ ಕುದುರೆಯ ಮುಂದೆ ನಾಲ್ಕು ಜನ ನಾಲ್ಕು ರೀತಿ ಇದ್ದಾರೆ. ಇಷ್ಟು ಬರೆಯುವಷ್ಟರಲ್ಲಿ ಎದೆಬಡಿತ ಇಳಿದಿರುತ್ತದೆ, "ಇವತ್ತು ಯಾವುದು ಮುಗಿಯುತ್ತಿದೆ, ನಾನು ಅದರ ಮುಂದೆ ಹೇಗೆ ನಿಂತಿದ್ದೇನೆ" ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಈ ಕಾರ್ಡುಗಳ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಖಂಡಿತ ಬೇಡ. ನೀವು ಎರಡು ನಿಮಿಷ ಕೂತು ನೋಡಿರುತ್ತೀರಿ, ಅವರು ನೋಡಿರುವುದಿಲ್ಲ.

## ಅದೇ ಕಾರ್ಡು ಮತ್ತೆ ಬಂದರೆ

"ಈ ಕಾರ್ಡು ನನ್ನ ಬೆನ್ನು ಹತ್ತಿದೆ" ಎಂಬುದು ನನಗೆ ಹೆಚ್ಚು ಸಲ ಬಂದ ದೂರು. ಲೆಕ್ಕ ಹೀಗಿದೆ. ದಿನಾ ಚೆನ್ನಾಗಿ ಕಲೆಸಿ 78ರಿಂದ ಒಂದು ಎಳೆದರೆ, ಹನ್ನೊಂದು ದಿನದೊಳಗೆ ಯಾವುದೋ ಒಂದು ಕಾರ್ಡು ಎರಡನೇ ಸಲ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಮೂವತ್ತು ದಿನದಲ್ಲಿ ಒಂದೂ ಮರಳದಿದ್ದರೆ ಅದೇ ಅಪರೂಪ. 78 ದಿನ ಎಳೆದ ಮೇಲೂ ಸುಮಾರು 28 ಕಾರ್ಡು ನೀವು ನೋಡಿಯೇ ಇರುವುದಿಲ್ಲ.

ಹಾಗಾಗಿ ಎರಡು ಸಲ ಬಂದದ್ದು ಸಹಜ. ವಾರದಲ್ಲಿ ಮೂರು ಸಲ ಬಂದರೆ ಮೊದಲು ನಿಮ್ಮ ಕಲೆಸುವ ರೀತಿಯನ್ನು ಅನುಮಾನಿಸಿ: ನಿನ್ನೆಯದನ್ನು ಮೇಲೆಯೇ ಇಟ್ಟಿರಬಹುದು, ಕಾರ್ಡಿನ ಮೂಲೆ ಮಡಚಿ ಕೈ ಅದನ್ನೇ ಹಿಡಿಯುತ್ತಿರಬಹುದು. ಮರಳಿ ಬಂದ ಕಾರ್ಡಿನಿಂದ ಒಂದು ಲಾಭ ಇದೆ. ಹಳೆಯ ಪುಟ ತೆರೆಯದೆ ಹೊಸದಾಗಿ ಬರೆದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಚಿತ್ರ ಬದಲಾಗಿಲ್ಲ, ಕಣ್ಣು ಬಿದ್ದ ಜಾಗ ಬದಲಾಗಿದ್ದರೆ ಬದಲಾದದ್ದು ಏನು ಎಂದು ಗೊತ್ತಾಗುತ್ತದೆ.

## ಮೂವತ್ತನೇ ದಿನ

ಒಂದು ಭಾನುವಾರ ಅರ್ಧ ಗಂಟೆ ಇಟ್ಟುಕೊಂಡು ಮೂವತ್ತೂ ಪುಟ ಓದಿ. ಕಾರ್ಡಿನ ಹೆಸರುಗಳ ಮೇಲೆ ಕೈ ಮುಚ್ಚಿಕೊಂಡು ಓದಿ. ಬೇರೆ ಬೇರೆ ಕಾರ್ಡುಗಳ ಕೆಳಗೆ ಒಂದೇ ಹೆಸರು, ಒಂದೇ ಹೊತ್ತು, ಒಂದೇ ಕೆಲಸ ಎಷ್ಟು ಸಲ ಬಂದಿದೆ ಎಂದು ಪೆನ್ಸಿಲ್‌ನಿಂದ ಗೆರೆ ಹಾಕಿ. ಐದಕ್ಕಿಂತ ಹೆಚ್ಚು ಸಲ ಬಂದದ್ದು ಕಾರ್ಡಿನದಲ್ಲ, ನಿಮ್ಮದು.

ಕಿರುಪುಸ್ತಕವನ್ನು ಈಗ ತೆರೆಯಬಹುದು. ನೀವು ಎಳೆದ ಕಾರ್ಡುಗಳ ಅರ್ಥ ಮಾತ್ರ ಓದಿ, ನಿಮ್ಮ ಸಾಲಿನ ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಎರಡೂ ಬೇರೆಯಾಗಿದ್ದರೆ ನಿಮ್ಮದನ್ನು ಹೊಡೆಯಬೇಡಿ. ಪುಸ್ತಕದಲ್ಲಿ ಹತ್ತು ಕೋಲಿಗೆ ಹೊರೆ, ಜವಾಬ್ದಾರಿ ಎಂದಿರುತ್ತದೆ. ಹೆಗಲ ಮೇಲೆ ಹೊತ್ತಿದ್ದರೆ ದಾರಿ ಕಾಣುತ್ತಿತ್ತು ಎಂಬ ಮಾತು ಅದರಲ್ಲಿ ಸಿಗುವುದಿಲ್ಲ.

## ನಿಲ್ಲಿಸಬೇಕಾದ ಲಕ್ಷಣಗಳು

ಕಾರ್ಡು ಎಳೆಯದೆ ಮನೆ ಬಿಡಲು ಆಗುತ್ತಿಲ್ಲ. ದಿನಕ್ಕೆ ಎರಡು, ಮೂರು ಸಲ ಎಳೆಯುತ್ತಿದ್ದೀರಿ. ಕೆಟ್ಟ ಕಾರ್ಡು ಬಂತೆಂದು ಪ್ರಯಾಣ ರದ್ದು ಮಾಡಿದಿರಿ, ಮಾತ್ರೆ ಬಿಟ್ಟಿರಿ, ಯಾರಿಗೋ ಕೊಡಬೇಕಾದ ದುಡ್ಡು ತಡೆದಿರಿ. ಮನೆಯ ಇನ್ನೊಬ್ಬರ ಆಯಸ್ಸಿನ ಬಗ್ಗೆ, ಮಗಳ ಸಂಬಂಧದ ಬಗ್ಗೆ ಕಾರ್ಡು ಕೇಳತೊಡಗಿದಿರಿ. ಇವುಗಳಲ್ಲಿ ಒಂದು ಕಂಡರೂ ಕಟ್ಟನ್ನು ಹದಿನೈದು ದಿನ ಬೇರೆಯವರ ಮನೆಯಲ್ಲಿಡಿ, ನೋಟ್‌ಬುಕ್ ಮಾತ್ರ ಮುಂದುವರಿಸಿ. ಕಾರ್ಡಿಲ್ಲದೆ ಮೂರು ಸಾಲು ಬರೆಯಲು ಆಗುತ್ತಿದ್ದರೆ ತೊಂದರೆ ಇಲ್ಲ, ಕಟ್ಟು ವಾಪಸ್ ತರಬಹುದು.

ಹದಿನೈದು ದಿನದ ಮೇಲೂ ಹೆದರಿಕೆ ಹೋಗದೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ ಅದು ಕಾರ್ಡಿನ ವಿಷಯವಾಗಿ ಉಳಿದಿಲ್ಲ. ವೈದ್ಯರ ಹತ್ತಿರ ಹೋಗಿ. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಫೋನ್ ಹಚ್ಚುವ ಮುಂಚೆ ನಿಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಯಾವಾಗಿನಿಂದ ಹೀಗಾಗುತ್ತಿದೆ ಎಂದು ಅವರು ಕೇಳಿದರೆ ತಾರೀಖು ಅದರಲ್ಲೇ ಇರುತ್ತದೆ.